ಸತುವನ್ನು ತೂಗಿ ಕರೆಂಟಿನ ಬಿಲ್ಲು

ತಿಂಗಳಿಗೊಮ್ಮೆ ಮೀಟರ್ ಓದಲು ಬರುವವರು ಗೇಟಿನ ಬಳಿ ನಿಂತು ಅಂಕಿ ನೋಡುತ್ತಾರೆ, ಕೈಯಲ್ಲಿನ ಯಂತ್ರದ ಗುಂಡಿ ಒತ್ತುತ್ತಾರೆ, ಬಿಲ್ಲು ಹರಿದು ಕೊಟ್ಟು ಮುಂದಿನ ಮನೆಗೆ ನಡೆಯುತ್ತಾರೆ. ಎರಡು ನಿಮಿಷದ ಕೆಲಸ. ಅದರ ಬದಲು ಅವರು ಒಂದು ಗಾಜಿನ ಜಾಡಿ ಹಿಡಿದುಕೊಂಡು ಬಂದು, ಮೀಟರ್ ಪೆಟ್ಟಿಗೆಯೊಳಗಿದ್ದ ಹಳೆಯ ಜಾಡಿಯನ್ನು ತೆಗೆದು ಹೊಸದನ್ನಿಟ್ಟು, "ತೂಕ ಹಾಕಿ ಬಿಲ್ಲು ಕಳಿಸ್ತೀವಿ" ಎಂದು ಹೋದರೆ ಹೇಗಿದ್ದೀತು?

ನ್ಯೂಯಾರ್ಕಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತಿತ್ತು. ಥಾಮಸ್ ಎಡಿಸನ್ 1882ರ ಸೆಪ್ಟೆಂಬರಿನಲ್ಲಿ ಪರ್ಲ್ ಸ್ಟ್ರೀಟಿನ ತನ್ನ ವಿದ್ಯುತ್ ಕೇಂದ್ರದಿಂದ ಅಂಗಡಿ, ಕಚೇರಿಗಳಿಗೆ ಬೆಳಕು ಕೊಡಲು ಶುರುಮಾಡಿದ. ಡೈನಮೋ ಇತ್ತು, ನೆಲದಡಿಯ ತಂತಿ ಇತ್ತು, ಬಲ್ಬು ಇತ್ತು. ಆದರೆ ಯಾರು ಎಷ್ಟು ಕರೆಂಟು ಬಳಸಿದರು ಎಂದು ಅಳೆಯುವ, ನಂಬಬಹುದಾದ ಸಾಧನ ಬೇಕಿತ್ತು. ಎಡಿಸನ್ ಆರಿಸಿಕೊಂಡದ್ದು ರಸಾಯನಶಾಸ್ತ್ರದ ದಾರಿ. ಅವನ ಮೀಟರಿನಲ್ಲಿ ತಿರುಗುವ ಚಕ್ರವಿರಲಿಲ್ಲ, ಮುಳ್ಳಿರಲಿಲ್ಲ, ಅಂಕಿಯೂ ಇರಲಿಲ್ಲ. ಸತುವಿನ ಸಲ್ಫೇಟ್ ಕರಗಿಸಿದ ನೀರು ತುಂಬಿದ ಜಾಡಿ, ಅದರಲ್ಲಿ ಮುಳುಗಿದ ಎರಡು ಸತುವಿನ ತಗಡುಗಳು, ಅಷ್ಟೇ. ಗ್ರಾಹಕ ದೀಪ ಹಚ್ಚಿದಾಗಲೆಲ್ಲ ಅವನ ಕರೆಂಟಿನ ಒಂದು ಸಣ್ಣ, ನಿಗದಿತ ಪಾಲು ಈ ಜಾಡಿಯ ಮೂಲಕ ಹಾದುಹೋಗುತ್ತಿತ್ತು. ಹೋಗುತ್ತ ಹೋಗುತ್ತ ಒಂದು ತಗಡಿನಿಂದ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳ ಕೊನೆಗೆ ತಗಡುಗಳನ್ನು ಒಯ್ದು, ತೊಳೆದು, ಒಣಗಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಿದ್ದರು. ತೂಕ ಎಷ್ಟು ಬದಲಾಗಿದೆಯೋ ಅಷ್ಟು ಬಿಲ್ಲು.

ಗ್ರಾಹಕರಿಗೆ ಇದು ಹಿಡಿಸಲಿಲ್ಲವೆಂದರೆ ಅಚ್ಚರಿಯಿಲ್ಲ. ಮೀಟರಿನ ಮುಂದೆ ಎಷ್ಟು ಹೊತ್ತು ನಿಂತರೂ ಅದರಲ್ಲಿ ಓದಲು ಏನೂ ಇಲ್ಲ. ಬ್ಯಾಂಕರ್ ಜೆ. ಪಿ. ಮಾರ್ಗನ್ನನ ಕಚೇರಿಯಲ್ಲೂ ಈ ಅನುಮಾನ ಹುಟ್ಟಿತ್ತಂತೆ. ಎಡಿಸನ್ ಮುಂದೆ ನೆನಪಿಸಿಕೊಂಡು ಹೇಳಿದ ಪ್ರಸಂಗ ಇದು. ದೀಪದ ಗೊಂಚಲಿಗೊಂದು ಚೀಟಿ ಕಟ್ಟಿ, ಯಾವ ದೀಪ ಎಷ್ಟು ಗಂಟೆ ಉರಿಯಿತೆಂದು ಒಂದು ತಿಂಗಳು ಬರೆದಿಟ್ಟರು. ತಿಂಗಳ ಕೊನೆಗೆ ಚೀಟಿಯ ಲೆಕ್ಕಕ್ಕಿಂತ ಸತುವಿನ ಲೆಕ್ಕವೇ ಹೆಚ್ಚಾಯಿತು. ವಿಚಾರಿಸಿದರೆ, ಎಲ್ಲರೂ ಮನೆಗೆ ಹೋದಮೇಲೆ ಕಸ ಗುಡಿಸುವ ಆಳು ದೀಪ ಹಚ್ಚಿಕೊಂಡು ಕೆಲಸ ಮಾಡುತ್ತಿದ್ದ, ಅವನಿಗೆ ಚೀಟಿಯ ವಿಷಯ ಯಾರೂ ಹೇಳಿರಲಿಲ್ಲ. ಅವನ ಗಂಟೆಗಳನ್ನು ಸೇರಿಸಿದಾಗ ಎರಡು ಲೆಕ್ಕವೂ ಕೂಡಿಬಂತು. ಎಡಿಸನ್ ಕಥೆಗೆ ಉಪ್ಪುಖಾರ ಹಚ್ಚುವುದರಲ್ಲಿ ಹಿಂದೆ ಬಿದ್ದವನಲ್ಲ, ಆದರೂ ಈ ಕಥೆಯ ತಿರುಳು ನಂಬುವಂಥದ್ದೇ. ಜಾಡಿಯೊಳಗಿನ ಸತುವಿಗೆ ಮರೆವಿಲ್ಲ.

ತೂಕ ಕರೆಂಟನ್ನು ಹೇಗೆ ಹೇಳುತ್ತದೆ ಎಂಬುದು ಪ್ರಶ್ನೆ. ದೊಡ್ಡ ದೇವಸ್ಥಾನಗಳಲ್ಲಿ ಹುಂಡಿ ಒಡೆದಾಗ ಚಿಲ್ಲರೆಯನ್ನು ಒಂದೊಂದಾಗಿ ಎಣಿಸುತ್ತ ಕೂರುವುದು ಕಷ್ಟ. ಒಂದೇ ಬಗೆಯ ನಾಣ್ಯಗಳನ್ನು ಬೇರೆ ಮಾಡಿ ತೂಗಿಬಿಟ್ಟರೆ ಆಯಿತು. ಒಂದು ನಾಣ್ಯದ ತೂಕ ಗೊತ್ತಿದ್ದರೆ ರಾಶಿಯಲ್ಲಿ ಎಷ್ಟಿವೆ ಎಂಬುದು ಭಾಗಾಕಾರದ ಮಾತು. ಎಡಿಸನ್ನನ ತಕ್ಕಡಿ ಮಾಡುತ್ತಿದ್ದದ್ದೂ ಇದನ್ನೇ. ಅದು ಸತುವಿನ ಪರಮಾಣುಗಳನ್ನು ಎಣಿಸುತ್ತಿತ್ತು. ಆ ಎಣಿಕೆಯಿಂದ ಜಾಡಿಯಲ್ಲಿ ಎಷ್ಟು ಎಲೆಕ್ಟ್ರಾನ್ ಹಾದುಹೋಯಿತೆಂದು ತಿಳಿಯುತ್ತಿತ್ತು. ಎಲೆಕ್ಟ್ರಾನ್ ಎಂಬ ಹೆಸರು ಆಗಿನ್ನೂ ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಪರಮಾಣುವಿಗೂ ಎಲೆಕ್ಟ್ರಾನಿಗೂ ಇರುವ ಲೆಕ್ಕ ಸಾಲದ ಲೆಕ್ಕದ ಹಾಗೆ. ಸತುವಿನ ಪರಮಾಣು ನೀರಿಗೆ ಇಳಿಯುವಾಗ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ತಗಡಿನಲ್ಲೇ ಬಿಟ್ಟುಬರುತ್ತದೆ. ಹಾಗೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ ಅಯಾನು ಎನ್ನುತ್ತಾರೆ. ಎರಡು ಕಳೆದುಕೊಂಡಿದ್ದರೆ ಅದರ ಆವೇಶ ಎರಡು. ಈ ಅಯಾನು ನೀರಿನಲ್ಲಿ ತೇಲಿಕೊಂಡಿರುವವರೆಗೆ ಅದು ಲೋಹವಲ್ಲ, ಅದಕ್ಕೆ ಹೊಳಪಿಲ್ಲ, ಅದು ಕಣ್ಣಿಗೂ ಕಾಣದು. ಎದುರಿನ ತಗಡನ್ನು ಮುಟ್ಟಿ, ತನಗೆ ಬರಬೇಕಾದ ಎರಡು ಎಲೆಕ್ಟ್ರಾನ್ ವಸೂಲಿಯಾದ ಕ್ಷಣವೇ ಮತ್ತೆ ಲೋಹವಾಗಿ ಅಲ್ಲಿಯೇ ಕೂತುಬಿಡುತ್ತದೆ. ಒಂದು ಎಲೆಕ್ಟ್ರಾನ್ ಸಿಕ್ಕರೆ ಅರ್ಧ ಕೂರುವ ಹಾಗಿಲ್ಲ, ಮೂರು ಕೊಡುತ್ತೇನೆಂದರೂ ಬೇಡ. ಸತುವಿಗೆ ಎರಡು, ಬೆಳ್ಳಿಗೆ ಒಂದು, ಅಲ್ಯೂಮಿನಿಯಂಗೆ ಮೂರು. ಇದರಲ್ಲಿ ಚೌಕಾಸಿ ಇಲ್ಲ.

ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್‌ಗಳ ಹರಿವು. ಆಂಪಿಯರನ್ನು ಸೆಕೆಂಡಿನಿಂದ ಗುಣಿಸಿದರೆ ಹರಿದುಹೋದ ಒಟ್ಟು ವಿದ್ಯುದಾವೇಶ ಸಿಗುತ್ತದೆ, ಅದರ ಅಳತೆಗೆ ಕೂಲಂಬ್ ಎಂದು ಹೆಸರು. ಇನ್ನು ಯಾವುದೇ ಲೋಹವನ್ನು ಅದರ ಪರಮಾಣು ತೂಕದಷ್ಟು ಗ್ರಾಂ ತೆಗೆದುಕೊಂಡರೆ ಅದರಲ್ಲಿರುವ ಪರಮಾಣುಗಳ ಸಂಖ್ಯೆ ಒಂದೇ. ಸತು 65.38 ಗ್ರಾಂ, ಬೆಳ್ಳಿ 107.87 ಗ್ರಾಂ, ತಾಮ್ರ 63.55 ಗ್ರಾಂ, ಮೂರರಲ್ಲೂ ಅಷ್ಟೇ ತಲೆಗಳು. ತಲೆಗೊಂದರಂತೆ ಎಲೆಕ್ಟ್ರಾನ್ ಹಂಚಲು ಬೇಕಾಗುವುದು 96,485 ಕೂಲಂಬ್. ತಲೆಗೆರಡಾದರೆ ಅದರ ಇಮ್ಮಡಿ. ಇಷ್ಟನ್ನೇ ಪಠ್ಯಪುಸ್ತಕ ಒಂದು ಸಾಲಿನಲ್ಲಿ ಹೀಗೆ ಬರೆಯುತ್ತದೆ:

m = (I × t × M) / (n × F)

ಇಲ್ಲಿ m ಎಂದರೆ ಕೂತ ಲೋಹದ ತೂಕ, I ಆಂಪಿಯರ್, t ಸೆಕೆಂಡು, M ಪರಮಾಣು ತೂಕ, n ಅಯಾನಿನ ಆವೇಶ, F ಎಂದರೆ ಆ 96,485. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತವರೇ ನಮ್ಮಲ್ಲಿ ಹೆಚ್ಚು. ಕೆಲಸದ ಜಾಗದಲ್ಲಿ ಸೆಕೆಂಡಿನ ಲೆಕ್ಕ ಯಾರಿಗೂ ಬೇಡ, ಗಂಟೆಯ ಲೆಕ್ಕ ಬೇಕು. 96,485ನ್ನು ಗಂಟೆಯ 3,600 ಸೆಕೆಂಡಿನಿಂದ ಭಾಗಿಸಿದರೆ 26.8 ಬರುತ್ತದೆ. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಪರಮಾಣು ತೂಕವನ್ನು ಆವೇಶದಿಂದ ಭಾಗಿಸಿ, ಬಂದದ್ದನ್ನು ಮತ್ತೆ 26.8ರಿಂದ ಭಾಗಿಸಿ. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಎಷ್ಟು ಗ್ರಾಂ ಲೋಹ ಕೂರುತ್ತದೆ ಎಂಬುದು ಸಿಕ್ಕಿತು. ಸತುವಿಗೆ 1.22 ಗ್ರಾಂ, ಬೆಳ್ಳಿಗೆ 4.02 ಗ್ರಾಂ.

ಈಗ ಎಡಿಸನ್ನನ ಬಿಲ್ಲನ್ನು ನಾವೇ ಬರೆಯಬಹುದು. ಒಂದು ಅಂಗಡಿಯಲ್ಲಿ ಹತ್ತು ದೀಪ, ಒಂದೊಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ ಎನ್ನಿ. ದಿನಕ್ಕೆ ನಾಲ್ಕು ಗಂಟೆಯಂತೆ ಮೂವತ್ತು ದಿನ ಉರಿದರೆ ಏಳೂವರೆ ಆಂಪಿಯರ್ ಗುಣಿಸು 120 ಗಂಟೆ, ಅಂದರೆ 900 ಆಂಪಿಯರ್-ಗಂಟೆ. ಇಷ್ಟೂ ಕರೆಂಟನ್ನು ಜಾಡಿಯಲ್ಲೇ ಹರಿಸಿದರೆ ತಿಂಗಳಿಗೆ ಒಂದು ಕಿಲೋಗೂ ಮಿಕ್ಕಿ ಸತು ಜಾಗ ಬದಲಿಸಬೇಕಾಗುತ್ತದೆ, ಮೀಟರಿನ ಬದಲು ಗುಜರಿ ಅಂಗಡಿಯೇ ಬೇಕು. ಅದಕ್ಕೇ ಕರೆಂಟಿನ ಬಹುಪಾಲನ್ನು ಪಕ್ಕದ ದಪ್ಪ ಪಟ್ಟಿಯೊಂದರ ಮೂಲಕ ಸಾಗಿಸಿ, ಅಲ್ಪಸ್ವಲ್ಪವನ್ನಷ್ಟೇ ಜಾಡಿಗೆ ಬಿಡುತ್ತಿದ್ದರು. ಲೆಕ್ಕಕ್ಕೆ ಸಾವಿರದಲ್ಲೊಂದು ಪಾಲು ಎಂದುಕೊಂಡರೆ ಜಾಡಿಯಲ್ಲಿ ಹರಿದದ್ದು 0.9 ಆಂಪಿಯರ್-ಗಂಟೆ. ಸತು ಕೂತದ್ದು 1.1 ಗ್ರಾಂ. ಮಿಲಿಗ್ರಾಂ ಹಿಡಿಯುವ ತಕ್ಕಡಿಗೆ ಇದು ಸುಲಭದ ತುತ್ತು. ಒಂದು ಮಿಲಿಗ್ರಾಂ ತಪ್ಪಿದರೂ ಬಿಲ್ಲಿನಲ್ಲಿ ಸಾವಿರಕ್ಕೊಂದು ಪಾಲಿನಷ್ಟು ಮಾತ್ರ ವ್ಯತ್ಯಾಸ.

ತಾಪತ್ರಯವಿದ್ದದ್ದು ಸತುವಿನಲ್ಲಲ್ಲ, ಪಾಲು ಹಂಚುವುದರಲ್ಲಿ. ದ್ರಾವಣ ಬಿಸಿಯಾದರೆ ಅದರ ರೋಧ ಕಡಿಮೆಯಾಗಿ ಜಾಡಿಗೆ ಹೆಚ್ಚಿನ ಪಾಲು ನುಗ್ಗುತ್ತದೆ. ಅದನ್ನು ಸರಿದೂಗಿಸಲು, ಬಿಸಿಯಾದಾಗ ರೋಧ ಹೆಚ್ಚುವ ತಾಮ್ರದ ಸುರುಳಿಯೊಂದನ್ನು ಜಾಡಿಯ ದಾರಿಯಲ್ಲೇ ಸೇರಿಸಿದರು. ಚಳಿಗಾಲಕ್ಕೆ ಇನ್ನೊಂದು ಉಪಾಯ. ನ್ಯೂಯಾರ್ಕಿನ ಚಳಿಗೆ ಜಾಡಿಯ ನೀರು ಹೆಪ್ಪುಗಟ್ಟದಿರಲೆಂದು ಮೀಟರ್ ಪೆಟ್ಟಿಗೆಯೊಳಗೇ ಒಂದು ಬಲ್ಬು ಇಟ್ಟಿದ್ದರು, ಚಳಿ ಹೆಚ್ಚಾದರೆ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ಕೊನೆಗೆ ಈ ಮೀಟರನ್ನು ಮೂಲೆಗೆ ತಳ್ಳಿದ್ದರಲ್ಲಿ ಪರ್ಯಾಯ ವಿದ್ಯುತ್ತಿನ ಪಾಲು ದೊಡ್ಡದು. ಎಡಿಸನ್ನನದು ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಇಂದು ನಮ್ಮ ಮನೆಗೆ ಬರುವುದು ಸೆಕೆಂಡಿಗೆ ಐವತ್ತು ಸಲ ಹೋಗಿಬರುವ ಕರೆಂಟು. ಅದರಲ್ಲಿ ಈ ಗಳಿಗೆ ಕೂತ ಸತು ಮರುಗಳಿಗೆಯಲ್ಲೇ ಎದ್ದುಹೋಗುತ್ತದೆ. ತಿಂಗಳಿಡೀ ಮನೆಯೆಲ್ಲ ದೀಪ ಉರಿಸಿದರೂ ತಕ್ಕಡಿಯ ಮುಳ್ಳು ಅಲುಗದು.

ಎಡಿಸನ್ ಬಳಸಿದ್ದು ಅವನಿಗಿಂತ ಅರ್ಧ ಶತಮಾನ ಹಿಂದಿನ ಅರಿವನ್ನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1830ರ ದಶಕದ ಮೊದಲ ವರ್ಷಗಳಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಆಂಪಿಯರ್ ಎಂಬ ಅಳತೆಯೇ ಇರಲಿಲ್ಲ. ಬೈಂಡಿಂಗ್ ಕೆಲಸ ಕಲಿಯಲು ಸೇರಿದ್ದ ಕಮ್ಮಾರನ ಮಗ ಫ್ಯಾರಡೆ, ಗಣಿತ ಹೆಚ್ಚು ಬಾರದವನು, ಆದರೆ ಅಳೆಯುವುದರಲ್ಲಿ ಹಠಮಾರಿ. ಅವನು ಕರೆಂಟನ್ನು ಅಳೆಯಲು ನೀರನ್ನೇ ಬಳಸಿದ. ಆಮ್ಲ ಬೆರೆಸಿದ ನೀರಿನಲ್ಲಿ ಕರೆಂಟು ಹರಿಸಿ, ನೀರು ಒಡೆದು ಬಂದ ಅನಿಲವನ್ನು ಗೀಟು ಹಾಕಿದ ನಳಿಗೆಯಲ್ಲಿ ಹಿಡಿದ. ಆಮೇಲೆ ಒಂದೊಂದನ್ನೇ ಬದಲಿಸುತ್ತ ಹೋದ. ತಗಡನ್ನು ದೊಡ್ಡದು ಮಾಡಿದ, ಚಿಕ್ಕದು ಮಾಡಿದ. ಆಮ್ಲವನ್ನು ಹೆಚ್ಚಿಸಿದ, ತಗ್ಗಿಸಿದ. ಇಂಥ ಹಲವು ಪಾತ್ರೆಗಳನ್ನು ಒಂದರ ಹಿಂದೊಂದು ಜೋಡಿಸಿ, ಒಂದೇ ಕರೆಂಟು ಎಲ್ಲದರಲ್ಲೂ ಹಾಯುವಂತೆ ಮಾಡಿದ. ಪಾತ್ರೆ ಹೇಗೇ ಇರಲಿ, ಅನಿಲ ಬಂದದ್ದು ಅಷ್ಟಕ್ಕಷ್ಟೇ. ಹರಿದ ವಿದ್ಯುತ್ ಎಷ್ಟೋ ಕೆಲಸ ಅಷ್ಟು.

ನೀರಿನ ಪಾತ್ರೆಯ ಜೊತೆಗೆ ಅವನು ಕರಗಿಸಿದ ಲವಣಗಳನ್ನೂ ಸಾಲಿಗೆ ಸೇರಿಸಿದ. ತವರದ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿ ದೀಪದ ಉರಿಯಿಂದ ಕರಗಿಸಿ, ಪ್ಲಾಟಿನಂ ತಂತಿಯ ಮೇಲೆ ಕೂತ ತವರವನ್ನು ತೂಗಿದ. ಇಲ್ಲಿ ಎರಡನೆಯ ಸಂಗತಿ ಹೊರಬಿತ್ತು. ಒಂದೇ ಕರೆಂಟು ಬೇರೆ ಬೇರೆ ವಸ್ತುಗಳನ್ನು ಬೇರೆ ಬೇರೆ ತೂಕದಲ್ಲಿ ಬಿಡಿಸುತ್ತದೆ, ಆದರೆ ಆ ತೂಕಗಳು ಮನಸ್ಸಿಗೆ ಬಂದಂತೆ ಇಲ್ಲ. ರಸಾಯನಶಾಸ್ತ್ರಜ್ಞರು ವಸ್ತುಗಳನ್ನು ಒಂದರೊಡನೊಂದು ಕೂಡಿಸುವಾಗ ಕಂಡುಕೊಂಡಿದ್ದ ಪ್ರಮಾಣಗಳೇ ಇಲ್ಲೂ ಬಂದವು. 1834ರಲ್ಲಿ ಅವನು ಇದನ್ನು ಪ್ರಕಟಿಸುವಾಗ ಬಳಸಿದ ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳೂ ಆಗ ಹೊಸವು. ಗ್ರೀಕ್ ಬಲ್ಲ ಕೇಂಬ್ರಿಜ್ಜಿನ ವಿಲಿಯಂ ಹ್ಯುವೆಲ್‌ಗೆ ಪತ್ರ ಬರೆದು ಕೇಳಿ ಕಟ್ಟಿಸಿಕೊಂಡ ಪದಗಳು ಅವು.

ಇವತ್ತು ಇದನ್ನು ಹೀಗೆ ನೋಡಬಹುದು. ಬೆಳ್ಳಿಯ ದ್ರಾವಣದ ಪಾತ್ರೆ, ತಾಮ್ರದ ಸಲ್ಫೇಟಿನ ಪಾತ್ರೆ ಎರಡನ್ನೂ ಒಂದೇ ತಂತಿಯ ಸಾಲಿನಲ್ಲಿಡಿ. ಒಂದು ಆಂಪಿಯರ್, ಒಂದು ಗಂಟೆ. ಬೆಳ್ಳಿ 4.02 ಗ್ರಾಂ ಕೂರುತ್ತದೆ, ತಾಮ್ರ 1.19 ಗ್ರಾಂ. ಬೆಳ್ಳಿ ಮೂರು ಪಟ್ಟಿಗೂ ಹೆಚ್ಚು. ಬೆಳ್ಳಿಯ ಪರಮಾಣು ತಾಮ್ರದ್ದಕ್ಕಿಂತ 1.7 ಪಟ್ಟು ಭಾರ, ಅಲ್ಲಿಗೆ ಅರ್ಧ ಕಾರಣ ಸಿಕ್ಕಿತು. ಉಳಿದ ಇಮ್ಮಡಿ ಆವೇಶದಿಂದ ಬಂದದ್ದು. ತಾಮ್ರದ ಒಂದು ಅಯಾನನ್ನು ಕೂರಿಸುವ ಎಲೆಕ್ಟ್ರಾನ್‌ಗಳಲ್ಲಿ ಬೆಳ್ಳಿಯ ಎರಡು ಅಯಾನು ಕೂರುತ್ತವೆ. ಹೀಗೆ ಒಂದು, ಎರಡು, ಮೂರು ಎಂದು ಪೂರ್ಣಸಂಖ್ಯೆಯಲ್ಲೇ ಲೆಕ್ಕ ನಡೆಯುತ್ತಿದೆಯೆಂದರೆ, ವಿದ್ಯುತ್ತೂ ಕಾಳುಕಾಳಾಗಿ ಇರಲೇಬೇಕಲ್ಲವೆ? ಪರಮಾಣುಗಳ ಮಾತೆಂದರೆ ಹಿಂಜರಿಯುತ್ತಿದ್ದ ಫ್ಯಾರಡೆ ಅಲ್ಲಿಯವರೆಗೆ ಹೋಗಲಿಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1881ರಲ್ಲಿ ಲಂಡನ್ನಿಗೆ ಬಂದು, ಫ್ಯಾರಡೆಯ ಹೆಸರಿನ ಉಪನ್ಯಾಸದಲ್ಲೇ ಅದನ್ನು ಬಿಡಿಸಿ ಹೇಳಿದ. ಮುಂದೆ ಸ್ಟೋನಿ 1891ರಲ್ಲಿ ಆ ಕಾಳಿಗೆ ಎಲೆಕ್ಟ್ರಾನ್ ಎಂದು ಹೆಸರಿಟ್ಟ.

ಈ ನಿಯಮ ನಮ್ಮೂರಿನ ಗಲ್ಲಿಗಳಲ್ಲಿ ದಿನವೂ ನಡೆಯುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಅಮ್ಮನ ಹಿತ್ತಾಳೆಯ ಆರತಿ ತಟ್ಟೆಗೆ ಬೆಳ್ಳಿ ಲೇಪ ಹಾಕಿಸಲು ಬೆಂಗಳೂರು ಪೇಟೆಯ ಒಂದು ಇಕ್ಕಟ್ಟಾದ ಪ್ಲೇಟಿಂಗ್ ಅಂಗಡಿಗೆ ಹೋಗಿದ್ದೆ. ಅದಕ್ಕೆ ಮುಂಚೆ ಬೇರೊಂದು ಕಡೆ ಹಾಕಿಸಿದ್ದ ಲೇಪ ಎರಡು ನವರಾತ್ರಿಗೇ ಸವೆದು, ತಟ್ಟೆಯ ನಡುವೆ ಹಳದಿ ಇಣುಕುತ್ತಿತ್ತು. ಈ ಅಂಗಡಿಯ ಯಜಮಾನರು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಇದು ಬೆಳ್ಳಿ ನೀರಲ್ಲಿ ಅದ್ದಿ ತೆಗೆದಿರೋದು ಸಾರ್, ಕೂರಿಸಿರೋದಲ್ಲ" ಎಂದರು. ಆ ಎರಡು ಕ್ರಿಯಾಪದಗಳ ನಡುವಿನ ಅಂತರ ನನಗೆ ತಿಳಿದದ್ದು ಮನೆಗೆ ಬಂದು ಲೆಕ್ಕ ಹಾಕಿದಾಗ.

ತಟ್ಟೆಯ ಅಡ್ಡಳತೆ 18 ಸೆಂಟಿಮೀಟರ್. ಎರಡೂ ಬದಿ ಸೇರಿ ಸುಮಾರು 500 ಚದರ ಸೆಂಟಿಮೀಟರ್ ಮೈ. ನಾನು ಕೇಳಿದ್ದು 10 ಮೈಕ್ರಾನ್ ದಪ್ಪದ ಬೆಳ್ಳಿ, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಅಷ್ಟು ಮೈಗೆ ಅಷ್ಟು ದಪ್ಪ ಹೊದಿಸಲು ಅರ್ಧ ಘನ ಸೆಂಟಿಮೀಟರ್ ಬೆಳ್ಳಿ ಬೇಕು, ತೂಕ ಐದೂಕಾಲು ಗ್ರಾಂ. ಗಂಟೆಗೆ ಆಂಪಿಯರಿಗೆ 4.02 ಗ್ರಾಂ ಎಂಬ ಲೆಕ್ಕದಲ್ಲಿ ಇದಕ್ಕೆ 1.3 ಆಂಪಿಯರ್-ಗಂಟೆ ಸಾಕು. ಬೆಳ್ಳಿಯನ್ನು ಅವಸರದಿಂದ ಕೂರಿಸಿದರೆ ಅದು ಒರಟಾಗಿ, ಪುಡಿಪುಡಿಯಾಗಿ ಬರುತ್ತದೆ. ಆದ್ದರಿಂದ ಇಂಥ ತಟ್ಟೆಗೆ ಎರಡೂವರೆ ಆಂಪಿಯರ್ ಇಟ್ಟರು ಎನ್ನಿ. ಆಗ ಹಿಡಿಯುವ ಸಮಯ 31 ನಿಮಿಷ. ಮೂರೇ ನಿಮಿಷಕ್ಕೆ ತೆಗೆದರೆ ಕೂತಿರುವುದು ಅರ್ಧ ಗ್ರಾಂ, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಹೊಳಪಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿಗೆ ಬೆಳ್ಳಿಯಾಗಲು ಬೆಳ್ಳಿಯ ತೀರ ತೆಳು ಪದರ ಸಾಕು, ಉಜ್ಜಿ ತೊಳೆಯುವ ಕೈಗೆ ಸಾಲದು.

ಹಾಗಾದರೆ ಗಡಿಯಾರ, ಆಂಪಿಯರ್ ಮೀಟರ್ ಎರಡನ್ನೂ ನೋಡಿಕೊಂಡರೆ ಮುಗಿಯಿತೆ? ಬೆಳ್ಳಿಯ ವಿಷಯದಲ್ಲಿ ಬಹುಮಟ್ಟಿಗೆ ಹೌದು, ಕರೆಂಟಿನ ಹೆಚ್ಚುಕಡಿಮೆ ಅಷ್ಟೂ ಪಾಲು ಬೆಳ್ಳಿ ಕೂರಿಸುವುದಕ್ಕೇ ಹೋಗುತ್ತದೆ. ಆದರೆ ಎರಡು ಎಚ್ಚರಿಕೆಗಳಿವೆ. ಹಿತ್ತಾಳೆಯನ್ನು ಬೆಳ್ಳಿಯ ದ್ರಾವಣದಲ್ಲಿ ಸುಮ್ಮನೆ ಅದ್ದಿದರೂ, ಸ್ವಿಚ್ ಹಾಕದೆಯೇ, ಅದರ ಮೇಲೆ ಬೆಳ್ಳಿ ತಾನಾಗಿ ಹತ್ತಿಕೊಳ್ಳುತ್ತದೆ. ಹಿತ್ತಾಳೆಯಲ್ಲಿನ ತಾಮ್ರ, ಸತು ಕರಗುತ್ತ ತಮ್ಮ ಎಲೆಕ್ಟ್ರಾನ್‌ಗಳನ್ನು ಬೆಳ್ಳಿಗೆ ದಾಟಿಸುತ್ತವೆ. ಈ ವ್ಯವಹಾರ ತಟ್ಟೆಯ ಮೈಮೇಲೆಯೇ ನಡೆಯುವುದರಿಂದ ಮೀಟರಿಗೆ ಸುಳಿವೇ ಇಲ್ಲ. ಹೀಗೆ ಹತ್ತಿದ ಬೆಳ್ಳಿ ಗಟ್ಟಿಯಾಗಿ ಅಂಟುವುದಿಲ್ಲ, ಅದರ ಮೇಲೆ ಎಷ್ಟು ಕೂರಿಸಿದರೂ ಮುಂದೆ ಸಿಪ್ಪೆಯಂತೆ ಏಳುತ್ತದೆ. ಅದಕ್ಕೇ ಒಳ್ಳೆಯ ಕೆಲಸಗಾರರು ಮೊದಲು ಬೆಳ್ಳಿಯ ಅಂಶ ತೀರ ಕಡಿಮೆಯಿರುವ ಬೇರೊಂದು ತೊಟ್ಟಿಯಲ್ಲಿ, ಕರೆಂಟು ಹಚ್ಚಿಕೊಂಡೇ ತಟ್ಟೆಯನ್ನು ಇಳಿಸಿ, ಕೆಲವು ಕ್ಷಣ ತೆಳುವಾದ ಪದರ ಹಾಕುತ್ತಾರೆ. ಅದಕ್ಕೆ ಸ್ಟ್ರೈಕ್ ಎನ್ನುತ್ತಾರೆ. ಇದನ್ನೆಲ್ಲ ಮನೆಯಲ್ಲಿ ಮಾಡಿನೋಡುವ ಹುಮ್ಮಸ್ಸು ಬೇಡ, ಆ ತೊಟ್ಟಿಗಳಲ್ಲಿ ಬೆಳ್ಳಿ ಇರುವುದು ಸಯನೈಡಿನ ಜೊತೆಗೆ.

ಎರಡನೆಯದು, ಫ್ಯಾರಡೆಯ ಲೆಕ್ಕ ಒಟ್ಟು ತೂಕವನ್ನು ಹೇಳುತ್ತದೆಯೇ ಹೊರತು ಅದು ಎಲ್ಲಿ ಕೂತಿತೆಂದು ಹೇಳುವುದಿಲ್ಲ. ಕರೆಂಟಿಗೆ ಅಂಚು, ಮೂಲೆ, ಮೊನೆಗಳೆಂದರೆ ಪ್ರೀತಿ. ತಟ್ಟೆಯ ಅಂಚಿನಲ್ಲಿ ಹದಿನೈದು ಮೈಕ್ರಾನ್ ಆಗಿ ನಡುವೆ ಆರೇಳು ಉಳಿದರೂ ಸರಾಸರಿ ಹತ್ತೇ. ನನ್ನ ಹಳೆಯ ಲೇಪ ಮೊದಲು ಸವೆದದ್ದು ನಡುವಿನಲ್ಲಿ, ಕರ್ಪೂರ ಉರಿದು ಬೂದಿ ಉಜ್ಜುವ ಜಾಗದಲ್ಲಿ. ಅಲ್ಲಿ ಸವೆತವೂ ಹೆಚ್ಚು, ಬೆಳ್ಳಿಯೂ ಕಡಿಮೆ.

ಆವೇಶದ ವಿಚಾರದಲ್ಲಿ ಪ್ಲೇಟಿಂಗ್ ಅಂಗಡಿಯಷ್ಟು ಒಳ್ಳೆಯ ಪಾಠಶಾಲೆ ಇಲ್ಲ, ಏಕೆಂದರೆ ಒಂದೇ ಲೋಹ ಅಲ್ಲಿ ಎರಡು ವೇಷದಲ್ಲಿ ಇರುತ್ತದೆ. ಮೈಲುತುತ್ತದ ನೀಲಿ ತೊಟ್ಟಿಯಲ್ಲಿ ತಾಮ್ರದ ಆವೇಶ ಎರಡು. ಸಯನೈಡಿನ ತೊಟ್ಟಿಯಲ್ಲಿ ಅದೇ ತಾಮ್ರದ ಆವೇಶ ಒಂದು. ಹಾಗಾಗಿ ಅದೇ ಆಂಪಿಯರ್, ಅದೇ ಒಂದು ಗಂಟೆಗೆ ಲೆಕ್ಕದ ಪ್ರಕಾರ ಮೊದಲನೆಯದರಲ್ಲಿ 1.19 ಗ್ರಾಂ, ಎರಡನೆಯದರಲ್ಲಿ 2.37 ಗ್ರಾಂ. ಸೂತ್ರದಲ್ಲಿ n ಜಾಗಕ್ಕೆ ಲೋಹದ ಹೆಸರು ನೋಡಿ ಅಂಕಿ ತುಂಬುವ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ. ಕೇಳಬೇಕಾದದ್ದು ಯಾವ ಲೋಹ ಎಂದಲ್ಲ, ಅದು ಈ ತೊಟ್ಟಿಯಲ್ಲಿ ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂದು.

ಆವೇಶ ಹೆಚ್ಚಿದಷ್ಟೂ ಕರೆಂಟಿನ ಖರ್ಚು ಹೆಚ್ಚು. ಅಲ್ಯೂಮಿನಿಯಂಗೆ ಮೂರು ಬೇಕು, ಪರಮಾಣುವೂ ಹಗುರ, ಹೀಗಾಗಿ ಆಂಪಿಯರ್-ಗಂಟೆಗೆ ಸಿಗುವುದು ಗ್ರಾಮಿನ ಮೂರನೇ ಒಂದು ಪಾಲು. ಅದೂ ನೀರಿನಲ್ಲಿ ಕೂರುವ ಲೋಹವಲ್ಲ, ಕರಗಿದ ಲವಣದಲ್ಲಿ, ಒಂಬೈನೂರಕ್ಕೂ ಮಿಕ್ಕಿದ ಡಿಗ್ರಿ ಶಾಖದಲ್ಲಿ ತೆಗೆಯಬೇಕು. ದೊಡ್ಡ ಕಾರ್ಖಾನೆಗಳ ಒಂದೊಂದು ಕುಂಡದಲ್ಲೂ ಲಕ್ಷಗಟ್ಟಲೆ ಆಂಪಿಯರ್ ಹರಿಯುವುದು ಇದಕ್ಕೇ. ಮೂರು ಲಕ್ಷ ಆಂಪಿಯರ್ ಹರಿಸಿದರೂ ಗಂಟೆಗೆ ನೂರು ಕಿಲೋ ಬಂದರೆ ಹೆಚ್ಚು.

ಎಲ್ಲಕ್ಕಿಂತ ದುಬಾರಿ ಗಿರಾಕಿ ಕ್ರೋಮಿಯಂ. ಬೈಕಿನ ಸೈಲೆನ್ಸರಿಗೆ, ಬಚ್ಚಲಿನ ನಲ್ಲಿಗೆ ಹಾಕುವ ಆ ನೀಲಿಛಾಯೆಯ ಹೊಳಪು ಬಹುಕಾಲದಿಂದ ಬಂದಿರುವುದು ಕ್ರೋಮಿಕ್ ಆಮ್ಲದ ತೊಟ್ಟಿಯಿಂದ. ಅಲ್ಲಿ ಒಂದು ಪರಮಾಣು ಕೂರಲು ಆರು ಎಲೆಕ್ಟ್ರಾನ್ ಬೇಕು. ಲೆಕ್ಕದ ಪ್ರಕಾರ ಆಂಪಿಯರ್-ಗಂಟೆಗೆ 0.32 ಗ್ರಾಂ. ತೂಗಿ ನೋಡಿದರೆ ಅಷ್ಟೂ ಇರುವುದಿಲ್ಲ, ಅದರ ಹತ್ತರಿಂದ ಇಪ್ಪತ್ತು ಶೇಕಡಾ ಇದ್ದರೆ ಪುಣ್ಯ. ಫ್ಯಾರಡೆ ತಪ್ಪಿದನೆ? ತೊಟ್ಟಿಯ ಮೇಲೆ ಬಗ್ಗಿ ನೋಡಿದರೆ ಉತ್ತರ ಕುದಿಯುತ್ತಿರುತ್ತದೆ. ಮುಳುಗಿರುವ ವಸ್ತುವಿನ ಮೈತುಂಬ ಗುಳ್ಳೆಗಳು ಏಳುತ್ತಿರುತ್ತವೆ, ಅದು ಹೈಡ್ರೋಜನ್. ಎಲೆಕ್ಟ್ರಾನ್‌ಗಳ ಬಹುಪಾಲನ್ನು ದ್ರಾವಣದಲ್ಲಿರುವ ಹೈಡ್ರೋಜನ್ ಅಯಾನುಗಳೇ ನಡುದಾರಿಯಲ್ಲಿ ಕಬಳಿಸಿ ಅನಿಲವಾಗಿ ಹಾರಿಹೋಗುತ್ತಿವೆ. ಆ ಅನಿಲವನ್ನೂ ಹಿಡಿದು, ಅರೆಬರೆ ಎಲೆಕ್ಟ್ರಾನ್ ಪಡೆದು ದ್ರಾವಣದಲ್ಲೇ ಉಳಿದ ಕ್ರೋಮಿಯಂ ಅನ್ನೂ ಲೆಕ್ಕಕ್ಕೆ ತಂದರೆ ಒಂದು ಎಲೆಕ್ಟ್ರಾನೂ ಕಾಣೆಯಾಗಿರುವುದಿಲ್ಲ, ಮಾರ್ಗನ್ನನ ಕಚೇರಿಯ ಆಳಿನ ದೀಪದ ಹಾಗೆ. ನಿಕಲ್ ತೊಟ್ಟಿಯಲ್ಲಿ ಈ ಸೋರಿಕೆ ನೂರಕ್ಕೆ ಐದರ ಆಸುಪಾಸು. ಬೆಳ್ಳಿ ಸರಿಯಾಗಿ ಕೂರುತ್ತಿದ್ದರೆ ಗುಳ್ಳೆ ಕಾಣಬಾರದು. ಕಂಡರೆ ಆಂಪಿಯರ್ ಅತಿಯಾಗಿದೆ, ಇಲ್ಲವೇ ತೊಟ್ಟಿಯಲ್ಲಿ ಬೆಳ್ಳಿ ಬರಿದಾಗುತ್ತಿದೆ ಎಂದರ್ಥ.

ಗುಳ್ಳೆ ಏಳದ, ಆವೇಶ ಒಂದೇ ಆಗಿರುವ, ಪರಮಾಣು ಭಾರವಾಗಿರುವ ಈ ಗುಣಗಳಿಂದಲೇ ಬೆಳ್ಳಿ ಒಂದು ಕಾಲಕ್ಕೆ ಆಂಪಿಯರಿಗೇ ಅಳತೆಗೋಲಾಗಿತ್ತು. ಇಂಗ್ಲೆಂಡಿನಲ್ಲಿ ಲಾರ್ಡ್ ರೇಲಿ ಮತ್ತು ಎಲಿನರ್ ಸಿಜ್ವಿಕ್ ಪ್ಲಾಟಿನಂ ಬಟ್ಟಲಿನಲ್ಲಿ ಬೆಳ್ಳಿಯ ನೈಟ್ರೇಟ್ ಹಾಕಿ, ಬಟ್ಟಲಿನ ಒಳಮೈಗೆ ಕೂತ ಬೆಳ್ಳಿಯನ್ನು ತೂಗಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಆಂಪಿಯರ್ ಒಂದು ಸೆಕೆಂಡಿಗೆ ಕೂರಿಸುವ ಬೆಳ್ಳಿ 1.11794 ಮಿಲಿಗ್ರಾಂ. 1893ರಲ್ಲಿ ಶಿಕಾಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು 1.118 ಎಂದು ದುಂಡಗೆ ಮಾಡಿ, ಅಷ್ಟು ಬೆಳ್ಳಿಯನ್ನು ಸೆಕೆಂಡಿನಲ್ಲಿ ಕೂರಿಸುವ ಕರೆಂಟೇ ಆಂಪಿಯರ್ ಎಂದು ಸಾರಿತು. ತಕ್ಕಡಿಯೊಂದಿದ್ದರೆ ಯಾವ ಊರಿನ ಪ್ರಯೋಗಶಾಲೆಯೂ ಆಂಪಿಯರನ್ನು ಮಾಡಿಕೊಳ್ಳಬಹುದಿತ್ತು. ಆದರೂ ಕಿರಿಕಿರಿ ತಪ್ಪಲಿಲ್ಲ. ಆನೋಡಿನಿಂದ ಉದುರುವ ಬೆಳ್ಳಿಯ ಚೂರು ಬಟ್ಟಲಿಗೆ ಬೀಳದಿರಲೆಂದು ಅದಕ್ಕೆ ಸೋಸುಕಾಗದ ಸುತ್ತುತ್ತಿದ್ದರು. ಆ ಕಾಗದವೇ ನೈಟ್ರೇಟಿನಲ್ಲಿ ಕೆಟ್ಟು ಬೆಳ್ಳಿಯ ತೂಕವನ್ನು ಚೂರು ಹೆಚ್ಚಿಸುತ್ತಿತ್ತು. ಹತ್ತು ಸಾವಿರಕ್ಕೆ ಕೆಲವು ಪಾಲಿನ ಈ ದೋಷವನ್ನು ತಪ್ಪಿಸಲು ಹಾರ್ವರ್ಡಿನ ಥಿಯೋಡರ್ ರಿಚರ್ಡ್ಸ್ ಕಾಗದದ ಬದಲು ಸಣ್ಣ ರಂಧ್ರಗಳ ಮಣ್ಣಿನ ಬಟ್ಟಲು ಬಳಸಿದ. 1948ರಲ್ಲಿ ಬೆಳ್ಳಿಯ ಆಂಪಿಯರ್ ನಿವೃತ್ತಿಯಾಯಿತು. 2019ರಿಂದ ಒಂದು ಎಲೆಕ್ಟ್ರಾನಿನ ಆವೇಶವನ್ನೇ ಅಂಕಿಯಲ್ಲಿ ಕಟ್ಟಿಹಾಕಿ ಆಂಪಿಯರನ್ನು ಅದರಿಂದ ಪಡೆಯುತ್ತಾರೆ. ಆ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬರುವ ಬೆಳ್ಳಿ 1.11798 ಮಿಲಿಗ್ರಾಂ.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಹತ್ತು ಮೈಕ್ರಾನ್ ಕೂತಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಯಜಮಾನರನ್ನು ಕೇಳಿದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ, ಚಿನ್ನದಂಗಡಿಯವರು ಬಳಸುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮುಂದೆ ಸರಿಸಿದರು. "ಇಲ್ಲೇ ತೂಕ ಹಾಕ್ಕೊಳಿ. ಆದ್ರೆ ಈಗಲ್ಲ ಸಾರ್, ಹಳೇ ಬೆಳ್ಳಿ ತೆಗೆದು ಬಫಿಂಗ್ ಆದ್ಮೇಲೆ. ಬಫಿಂಗಲ್ಲಿ ಹಿತ್ತಾಳೆ ಹೋಗುತ್ತೆ, ಈಗ್ಲೇ ತೂಗಿದ್ರೆ ಆಮೇಲೆ ನಾನೇ ಬೆಳ್ಳಿ ಕದ್ದಂಗೆ ಕಾಣ್ಸುತ್ತೆ." ಬೆಳ್ಳಿಯ ಕೆಳಗೆ ನಿಕಲ್ ಹಾಕುವುದಾದರೆ ಅದು ಮುಗಿದ ಮೇಲೆಯೇ ಮೊದಲ ತೂಕ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ನಿಕಲ್ಲೂ ಬೆಳ್ಳಿಯ ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬುದನ್ನೂ ಅವರೇ ಹೇಳಿದರು.

ಸಂಜೆ ಮತ್ತೆ ಹೋದೆ. ಬಿಸಿನೀರಿನಲ್ಲಿ ತೊಳೆದು, ಮರದ ಹೊಟ್ಟಿನಲ್ಲಿ ಉಜ್ಜಿ ಒಣಗಿಸಿದ ತಟ್ಟೆ ತಕ್ಕಡಿಯ ಮೇಲೆ ಕೂತಿತು. ಮಧ್ಯಾಹ್ನ ಬರೆದಿಟ್ಟಿದ್ದ ಚೀಟಿಯ ತೂಕಕ್ಕಿಂತ 4.9 ಗ್ರಾಂ ಹೆಚ್ಚು. ಐದೂಕಾಲು ಇರಬೇಕಿತ್ತಲ್ಲ ಎಂದೆ. ಅವರು ತಟ್ಟೆಯ ಅಂಚಿನ ತೂತನ್ನೂ, ಅದಕ್ಕೆ ಸಿಕ್ಕಿಸಿ ಇಳಿಬಿಟ್ಟಿದ್ದ ತಾಮ್ರದ ತಂತಿಯನ್ನೂ ತೋರಿಸಿದರು. ತಂತಿ ಬೆಳ್ಳಗೆ ಹೊಳೆಯುತ್ತಿತ್ತು.